ಗ್ಯಾಸ್ ಟ್ಯಾಂಕರ್ ಉರುಳಿದಾಗ: ಫಲಕ ಓದುವ ಕ್ರಮ, ಮಾರ್ಗದ ನಿಯಮಗಳು ಮತ್ತು ಸೋರಿಕೆಯ ಬಳಿ ಇತರ ಚಾಲಕರು ಮಾಡಬೇಕಾದದ್ದು

ಹೆದ್ದಾರಿಯಲ್ಲಿ ನಿಮ್ಮ ಮುಂದೆ ಸಾಗುತ್ತಿರುವ ಟ್ಯಾಂಕರಿನೊಳಗೆ ಹಾಲಿದೆಯೋ, ಪೆಟ್ರೋಲಿದೆಯೋ, ಅಡುಗೆ ಅನಿಲವಿದೆಯೋ ಎಂಬುದನ್ನು ಟ್ಯಾಂಕಿನ ಆಕಾರ ನೋಡಿ ಊಹಿಸಬೇಕಾಗಿಲ್ಲ. ಅಪಾಯಕಾರಿ ಸರಕನ್ನು ಒಯ್ಯುವ ಪ್ರತಿಯೊಂದು ವಾಹನವೂ ತನ್ನೊಳಗೆ ಏನಿದೆ ಎಂಬುದನ್ನು ಹೊರಗೆ ಬರೆದುಕೊಂಡೇ ಓಡಬೇಕು ಎಂದು ಕಾನೂನು ಹೇಳುತ್ತದೆ. ಆ ಬರಹವನ್ನು ಓದಲು ರಸಾಯನಶಾಸ್ತ್ರ ತಿಳಿದಿರಬೇಕಿಲ್ಲ, ಆದರೆ ಅದನ್ನು ಓದಬೇಕಾದ ಸಮಯ ಯಾವುದೆಂದು ತಿಳಿದಿರಬೇಕು. ಟ್ಯಾಂಕರ್ ಉರುಳಿ ಅನಿಲ ಸೋರತೊಡಗಿದ ಮೇಲೆ ಫಲಕ ನೋಡಲೆಂದು ಹತ್ತಿರ ಹೋಗುವುದು ಸಲ್ಲದು. ಅದರ ಹಿಂದೆ ನಿಶ್ಚಿಂತೆಯಿಂದ ಸಾಗುತ್ತಿರುವಾಗಲೇ ಒಮ್ಮೆ ಓದಿಕೊಳ್ಳಬೇಕು.

ಈ ಲೇಖನದಲ್ಲಿ ಮುಖ್ಯವಾಗಿ ದ್ರವೀಕೃತ ಪೆಟ್ರೋಲಿಯಂ ಅನಿಲದ, ಅಂದರೆ ಎಲ್‌ಪಿಜಿಯ ಟ್ಯಾಂಕರನ್ನೇ ಎದುರಿಗಿಟ್ಟುಕೊಂಡಿದ್ದೇನೆ. ಇತರ ಸರಕುಗಳ ಸೋರಿಕೆಗಿಂತ ಇದರಲ್ಲಿ ಸುತ್ತಮುತ್ತಲಿನ ಚಾಲಕರ ನಡವಳಿಕೆ ಹೆಚ್ಚು ನಿರ್ಣಾಯಕವಾಗುತ್ತದೆ, ಏಕೆಂದರೆ ಇಲ್ಲಿ ಬೆಂಕಿಯ ಕಿಡಿ ಬಹಳ ಸಲ ಬರುವುದು ಸುತ್ತ ನಿಂತ ವಾಹನಗಳಿಂದಲೇ.

ಫಲಕವನ್ನು ಓದುವ ಕ್ರಮ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 134ನೇ ನಿಯಮದಂತೆ ಅಪಾಯಕಾರಿ ಸರಕಿನ ವಾಹನದ ಎರಡೂ ಪಕ್ಕಗಳಲ್ಲಿ ಮತ್ತು ಹಿಂಬದಿಯಲ್ಲಿ, ಹೀಗೆ ಮೂರು ಕಡೆ, ತುರ್ತು ಮಾಹಿತಿ ಫಲಕವಿರಬೇಕು. ಅದರಲ್ಲಿ ಸರಕಿನ ಸರಿಯಾದ ತಾಂತ್ರಿಕ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿಯೂ, ವಿಶ್ವಸಂಸ್ಥೆಯ ಪಟ್ಟಿಗೆ ಅನುಗುಣವಾದ ಸಂಖ್ಯೆ ಕನಿಷ್ಠ 100 ಮಿಲಿಮೀಟರ್ ಎತ್ತರದ ಅಂಕಿಗಳಲ್ಲಿಯೂ, ವರ್ಗವನ್ನು ಸೂಚಿಸುವ ವಜ್ರಾಕಾರದ ಚೀಟಿ ಕನಿಷ್ಠ 250 ಮಿಲಿಮೀಟರ್ ಚೌಕದ ಅಳತೆಯಲ್ಲಿಯೂ ಇರಬೇಕು. ಇವುಗಳ ಜೊತೆಗೆ ತುರ್ತು ಸೇವೆಯ ದೂರವಾಣಿ ಸಂಖ್ಯೆ ಮತ್ತು ಸರಕು ಕಳುಹಿಸಿದವರ ಅಥವಾ ತಜ್ಞ ಸಲಹೆ ನೀಡಬಲ್ಲವರ ಹೆಸರು, ಸಂಖ್ಯೆಗಳೂ ಅಲ್ಲಿರಬೇಕು.

ಈ ಅಳತೆಗಳನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಫಲಕದ ಎಲ್ಲ ಭಾಗಗಳೂ ಒಂದೇ ದೂರದಿಂದ ಕಾಣಲೆಂದು ಮಾಡಿದವುಗಳಲ್ಲ. ಬಹಳ ದೂರದಿಂದ ಕಾಣುವುದು ವಜ್ರದ ಬಣ್ಣ. ಸ್ವಲ್ಪ ಹತ್ತಿರವಾದಾಗ ದೊಡ್ಡ ಅಂಕಿಗಳು ಓದಲು ಸಿಗುತ್ತವೆ. ಹೆಸರು ಮತ್ತು ದೂರವಾಣಿ ಸಂಖ್ಯೆಗಳು ವಾಹನದ ಬೆನ್ನಿಗೇ ಬಂದಾಗ ಮಾತ್ರ ಕಾಣುತ್ತವೆ. ಹಾಗಾಗಿ ಓದುವ ಕ್ರಮವೂ ಬಣ್ಣ, ಅಂಕಿ, ಹೆಸರು ಎಂದೇ ಇರಲಿ.

ಕೆಂಪು ವಜ್ರದಲ್ಲಿ ಜ್ವಾಲೆಯ ಚಿತ್ರವಿದ್ದರೆ ಒಳಗಿರುವುದು ಉರಿಯುವ ವಸ್ತು. ವಜ್ರದ ಕೆಳಮೂಲೆಯಲ್ಲಿ 2 ಎಂಬ ಅಂಕಿ ಇದ್ದರೆ ಅದು ಅನಿಲ, 3 ಇದ್ದರೆ ಪೆಟ್ರೋಲ್, ಡೀಸೆಲ್, ಸ್ಪಿರಿಟ್‌ನಂತಹ ದ್ರವ. ಬಿಳಿ ವಜ್ರದಲ್ಲಿ ತಲೆಬುರುಡೆ ಇದ್ದರೆ ವಿಷ. ಮೇಲರ್ಧ ಬಿಳಿ, ಕೆಳಗರ್ಧ ಕಪ್ಪಾಗಿದ್ದು, ಕೈಯ ಮೇಲೆ ಹನಿ ಬೀಳುವ ಚಿತ್ರವಿದ್ದರೆ ಆಮ್ಲ ಅಥವಾ ಕ್ಷಾರ. ಹಳದಿಯದು ಬೇರೆ ವಸ್ತುಗಳ ಉರಿಯನ್ನು ಹೆಚ್ಚಿಸುವ ಆಕ್ಸಿಡೀಕಾರಕ. ನೀಲಿಯದು ನೀರು ತಾಗಿದರೆ ಉರಿಯುವ ಅನಿಲ ಹೊರಡಿಸುವ ವಸ್ತು. ಕೆಂಪು, ಬಿಳಿ ತಲೆಬುರುಡೆ ಮತ್ತು ಬಿಳಿ-ಕಪ್ಪು ಈ ಮೂರನ್ನು ನೆನಪಿಟ್ಟುಕೊಂಡರೆ ಸಾಮಾನ್ಯ ಚಾಲಕನಿಗೆ ಬಹುಪಾಲು ಕೆಲಸ ಮುಗಿಯುತ್ತದೆ.

ದೊಡ್ಡ ಅಂಕಿಗಳ ವಿಷಯದಲ್ಲಿ ನಾಲ್ಕು ಸಂಖ್ಯೆಗಳನ್ನು ಗುರುತಿಟ್ಟುಕೊಳ್ಳಬಹುದು: ಎಲ್‌ಪಿಜಿಗೆ 1075, ಪೆಟ್ರೋಲಿಗೆ 1203, ಡೀಸೆಲಿಗೆ 1202, ಅಮೋನಿಯಾಕ್ಕೆ 1005. ಈ ಸಂಖ್ಯೆಗಳ ಅರ್ಥ ಎಲ್ಲ ದೇಶಗಳಲ್ಲೂ ಒಂದೇ. ಇದರ ಮೇಲ್ಭಾಗದಲ್ಲಿ 3YE ಎಂಬಂತಹ ಚಿಕ್ಕ ಸಂಕೇತವೊಂದು ಕಾಣಬಹುದು. ಅದು ಅಗ್ನಿಶಾಮಕ ಸಿಬ್ಬಂದಿಗೆ ಬರೆದದ್ದು: ಅಂಕಿಯು ಯಾವ ಬಗೆಯ ನೀರು ಅಥವಾ ನೊರೆ ಬಳಸಬೇಕೆಂದೂ, ನಡುವಿನ ಅಕ್ಷರವು ಯಾವ ರಕ್ಷಣಾ ಉಡುಪು ಬೇಕು, ಚೆಲ್ಲಿದ್ದನ್ನು ನೀರಿನಿಂದ ತೊಳೆಯಬಹುದೋ ತಡೆಹಿಡಿಯಬೇಕೋ ಎಂದೂ ಹೇಳುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಕೊನೆಯ ಅಕ್ಷರ ಮಾತ್ರ. ಇಂಗ್ಲಿಷಿನ ಇ ಅಕ್ಷರ ಕೊನೆಯಲ್ಲಿದ್ದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ಅಗತ್ಯ ಬೀಳಬಹುದು ಎಂದರ್ಥ. ಆ ಅಕ್ಷರವಿರುವ ಟ್ಯಾಂಕರ್ ಅಪಘಾತಕ್ಕೀಡಾದರೆ ‘ಏನಾಯಿತೆಂದು ನೋಡಿಕೊಂಡು ಹೋಗೋಣ’ ಎಂಬ ಯೋಚನೆಯನ್ನೇ ಬಿಡಬೇಕು.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಮೊದಲನೆಯದು, ಖಾಲಿ ಟ್ಯಾಂಕರಿನ ಬಗ್ಗೆ. ಸರಕು ಇಳಿಸಿ ಬರುತ್ತಿರುವ ಟ್ಯಾಂಕರಿನಲ್ಲಿ ದ್ರವ ಇಲ್ಲದಿದ್ದರೂ ಆವಿ ತುಂಬಿರುತ್ತದೆ. ಪೆಟ್ರೋಲ್ ಟ್ಯಾಂಕಿನಲ್ಲಿ ದ್ರವ ಇಳಿದಂತೆ ಗಾಳಿ ಒಳಸೇರಿ ಆವಿಯೊಡನೆ ಬೆರೆಯುವುದರಿಂದ, ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಯೇ ಸ್ಫೋಟಕ್ಕೆ ಹೆಚ್ಚು ಅನುಕೂಲವಾಗಿರುವುದುಂಟು. ಆದ್ದರಿಂದ ಟ್ಯಾಂಕನ್ನು ಶುದ್ಧಗೊಳಿಸುವವರೆಗೂ ಫಲಕ ಉಳಿದೇ ಇರಬೇಕು, ಓದುವವರೂ ಅದನ್ನು ತುಂಬಿದ ಟ್ಯಾಂಕರಿನಂತೆಯೇ ಕಾಣಬೇಕು. ಎರಡನೆಯದು, ಫಲಕವೇ ಕೆಟ್ಟಿರುವ ಸಂದರ್ಭ. ಕೆಸರು ಮೆತ್ತಿದ, ಬಿಸಿಲಿಗೆ ಬಣ್ಣ ಮಾಸಿದ, ಹಿಂದಿನ ಸರಕಿನ ಸಂಖ್ಯೆಯನ್ನೇ ಹೊತ್ತ ಫಲಕಗಳು ರಸ್ತೆಯಲ್ಲಿ ಕಾಣುವುದು ಅಪರೂಪವೇನಲ್ಲ. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸಿ ತಿಳಿ ಗುಲಾಬಿಯಾಗುತ್ತದೆ, ದೂರದಿಂದ ನೋಡಿದರೆ ಬಿಳಿಯ ಹಾಗೇ ಕಾಣುತ್ತದೆ. ಫಲಕ ಸ್ಪಷ್ಟವಾಗಿ ಓದಲು ಬಾರದಿದ್ದರೆ ಒಳಗಿರುವುದು ಉರಿಯುವ ವಸ್ತುವೂ ಹೌದು, ವಿಷವೂ ಹೌದು ಎಂದೇ ಭಾವಿಸಿ ನಡೆದುಕೊಳ್ಳಿ.

ಮಾರ್ಗದ ನಿಯಮಗಳು ಇರುವುದೇಕೆ

1978ರ ಜುಲೈ 11ರಂದು ಸ್ಪೇನಿನ ಕಡಲತೀರದ ಲಾಸ್ ಆಲ್ಫಾಕೆಸ್ ಎಂಬ ಪ್ರವಾಸಿ ಶಿಬಿರದ ಪಕ್ಕದಲ್ಲಿ ದ್ರವರೂಪದ ಪ್ರೊಪಿಲೀನ್ ಒಯ್ಯುತ್ತಿದ್ದ ಟ್ಯಾಂಕರೊಂದು ಸಿಡಿದು 200ಕ್ಕೂ ಹೆಚ್ಚು ಜನರು ಸತ್ತರು. ಟ್ಯಾಂಕಿನಲ್ಲಿ ಮಿತಿಗಿಂತ ಹೆಚ್ಚು ತುಂಬಿಸಲಾಗಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಅದು ಊರುಗಳಿಂದ ದೂರ ಹಾದುಹೋಗುವ ಸುಂಕದ ಹೆದ್ದಾರಿಯನ್ನು ಬಿಟ್ಟು ಜನಸಂದಣಿಯ ಕರಾವಳಿ ರಸ್ತೆಯಲ್ಲಿ ಸಾಗುತ್ತಿತ್ತು. ಅಪಾಯಕಾರಿ ಸರಕು ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ಸಾಗಣೆದಾರನ ಅನುಕೂಲಕ್ಕೆ ಬಿಡಬಾರದು ಎಂಬ ವಾದಕ್ಕೆ ಈ ಘಟನೆಯನ್ನು ಇಂದಿಗೂ ಉದಾಹರಿಸುತ್ತಾರೆ.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆ, 1988ರ 115ನೇ ಸೆಕ್ಷನ್ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ನಿರ್ದಿಷ್ಟ ರಸ್ತೆಯಲ್ಲಿ ಅಥವಾ ಪ್ರದೇಶದಲ್ಲಿ ನಿರ್ದಿಷ್ಟ ಬಗೆಯ ವಾಹನಗಳನ್ನು ನಿಷೇಧಿಸುವ ಅಥವಾ ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ನೀಡುತ್ತದೆ. ನಗರದೊಳಗೆ ಹಗಲಿನಲ್ಲಿ ಟ್ಯಾಂಕರುಗಳಿಗೆ ಪ್ರವೇಶವಿಲ್ಲದಿರುವುದು, ಘಾಟಿಯಲ್ಲಿ ಮಳೆಗಾಲದ ನಿರ್ಬಂಧ, ಸುರಂಗದ ಬಾಯಲ್ಲಿ ಕಾಣುವ ನಿಷೇಧ ಫಲಕ, ಇವೆಲ್ಲ ಇಂತಹ ಅಧಿಸೂಚನೆಗಳಿಂದ ಬಂದವುಗಳು. ಯುರೋಪಿನಲ್ಲಿ ಸುರಂಗಗಳನ್ನೇ ಎ ಯಿಂದ ಇ ವರೆಗೆ ಐದು ಗುಂಪುಗಳಾಗಿ ವಿಂಗಡಿಸಿ, ಯಾವ ಸರಕು ಯಾವ ಸುರಂಗದಲ್ಲಿ ಹೋಗಬಹುದೆಂದು ನಿಗದಿಪಡಿಸಿದ್ದಾರೆ.

ಚಾಲಕನ ಮೇಲಿನ ಹೊಣೆಯೂ ಕಡಿಮೆಯದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದಂತೆ ಆತ ವಿಶೇಷ ತರಬೇತಿ ಪಡೆದು ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಂಡಿರಬೇಕು. ಸರಕಿನ ಅಪಾಯ ಮತ್ತು ಅವಘಡದಲ್ಲಿ ಮಾಡಬೇಕಾದುದನ್ನು ತಿಳಿಸುವ ಲಿಖಿತ ಮಾಹಿತಿ, ಅಂದರೆ ಸಾಗಣೆಯವರು ‘ಟ್ರೆಮ್ ಕಾರ್ಡ್’ ಎನ್ನುವ ಹಾಳೆ, ಪ್ರಯಾಣದುದ್ದಕ್ಕೂ ಕ್ಯಾಬಿನ್ನಿನಲ್ಲಿ ಕೈಗೆ ಸಿಗುವಂತಿರಬೇಕು. ವಾಹನ ನಿಂತಿರುವಾಗ ಅದು ಬೆಂಕಿ ಮತ್ತು ಸ್ಫೋಟದ ಅಪಾಯವಿಲ್ಲದ ಜಾಗದಲ್ಲಿ, ಚಾಲಕನ ಅಥವಾ 18 ವರ್ಷ ದಾಟಿದ ಬೇರೊಬ್ಬ ಸಮರ್ಥ ವ್ಯಕ್ತಿಯ ಕಣ್ಗಾವಲಿನಲ್ಲಿ ಇರಬೇಕೆಂದು 133ನೇ ನಿಯಮ ಹೇಳುತ್ತದೆ. ಅಪಘಾತವಾದರೆ ಹತ್ತಿರದ ಪೊಲೀಸ್ ಠಾಣೆಗೂ ಮಾಲೀಕರಿಗೂ ಕೂಡಲೇ ತಿಳಿಸಬೇಕೆಂಬುದು 136ನೇ ನಿಯಮ.

ಇದರಿಂದ ನಮಗೇನು ಎಂದು ಇತರ ಚಾಲಕರು ಕೇಳಬಹುದು. ಟ್ಯಾಂಕರುಗಳನ್ನು ಬೈಪಾಸಿಗೆ, ರಾತ್ರಿಯ ಹೊತ್ತಿಗೆ, ಕೆಲವೇ ಹೆದ್ದಾರಿಗಳಿಗೆ ತಳ್ಳಿದಷ್ಟೂ ಆ ರಸ್ತೆಗಳಲ್ಲಿ ಆ ಹೊತ್ತಿನಲ್ಲಿ ಅವು ಒಟ್ಟೊಟ್ಟಾಗಿ ಸಿಗುತ್ತವೆ. ಅಲ್ಲಿ ಅವುಗಳ ಚಲನೆಯ ರೀತಿಯನ್ನು ಅರಿತಿರಬೇಕು. ಎಲ್‌ಪಿಜಿ ಬಿಸಿಯಾದಾಗ ಹಿಗ್ಗುವುದರಿಂದ ಟ್ಯಾಂಕನ್ನು ಪೂರ್ತಿ ತುಂಬಿಸುವುದಿಲ್ಲ, ಮೇಲೆ ಜಾಗ ಬಿಟ್ಟಿರುತ್ತಾರೆ. ಒಳಗಿನ ದ್ರವ ತಿರುವಿನಲ್ಲಿ ಒಂದು ಪಕ್ಕಕ್ಕೆ, ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುತ್ತದೆ. ಟ್ಯಾಂಕಿನ ಭಾರವೂ ಎತ್ತರದಲ್ಲಿರುವುದರಿಂದ ಸಾಮಾನ್ಯ ಲಾರಿ ಸಲೀಸಾಗಿ ದಾಟುವ ತಿರುವಿನಲ್ಲಿ ಅದೇ ವೇಗದಲ್ಲಿ ಬಂದ ಬುಲೆಟ್ ಟ್ಯಾಂಕರ್ ಉರುಳಬಹುದು. ಹಾಗಾಗಿ ತಿರುವಿನಲ್ಲಿ ಅದರ ಪಕ್ಕಕ್ಕೆ ಸೇರಿಕೊಂಡು ಹಿಂದಿಕ್ಕಬೇಡಿ. ಅದರ ಮುಂದೆ ನುಗ್ಗಿ ಬ್ರೇಕ್ ಹಾಕಬೇಡಿ. ವಿಭಜಕದ ತೆರಪಿನಲ್ಲಿ ಅದು ತಿರುಗುತ್ತಿದ್ದರೆ ಇಡೀ ಉದ್ದ ದಾಟಿಹೋಗುವವರೆಗೂ ನಿಂತು ಕಾಯಿರಿ. ಕವಾಟಗಳೂ ಕೊಳವೆಗಳೂ ಟ್ಯಾಂಕಿನ ದಪ್ಪ ಕವಚಕ್ಕಿಂತ ಬೇಗ ಮುರಿಯುವ ಭಾಗಗಳು, ಆದ್ದರಿಂದ ಅವಿರುವ ಜಾಗಕ್ಕೆ ಬೀಳುವ ಹೊಡೆತ ಎಲ್ಲಕ್ಕಿಂತ ಕೆಟ್ಟದ್ದು.

2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರ-ಅಜ್ಮೀರ್ ಹೆದ್ದಾರಿಯ ಭಾಂಕ್ರೋಟಾದಲ್ಲಿ ನಡೆದದ್ದು ಇದೇ. ಯು-ತಿರುವು ತೆಗೆದುಕೊಳ್ಳುತ್ತಿದ್ದ ಎಲ್‌ಪಿಜಿ ಟ್ಯಾಂಕರಿಗೆ ಲಾರಿಯೊಂದು ಗುದ್ದಿ ಟ್ಯಾಂಕಿನ ನಾಜಲ್‌ಗಳು ಮುರಿದವು. ಅನಿಲ ಮಂಜಿನಂತೆ ರಸ್ತೆಯ ಮೇಲೆ ಹರಡಿ, ನಂತರ ಹೊತ್ತಿಕೊಂಡಿತು. ಟ್ಯಾಂಕರಿಗೆ ತಾಗಿರದ, ದೂರದಲ್ಲಿ ಸರದಿಯಲ್ಲಿದ್ದ ಬಸ್ಸು, ಲಾರಿ, ಕಾರುಗಳು ಸೇರಿ 30ಕ್ಕೂ ಹೆಚ್ಚು ವಾಹನಗಳು ಸುಟ್ಟವು. ಹಲವರು ಸತ್ತರು.

ಬಿಳಿ ಮಂಜು ಮುಗಿದಲ್ಲಿ ಅಪಾಯ ಮುಗಿಯುವುದಿಲ್ಲ

ಹೊರಬಂದ ಎಲ್‌ಪಿಜಿ ಹೇಗೆ ವರ್ತಿಸುತ್ತದೆ ಎಂಬುದು ತಿಳಿದರೆ ಮುಂದಿನ ಹೆಜ್ಜೆಗಳು ತಾವಾಗಿಯೇ ಅರ್ಥವಾಗುತ್ತವೆ. ಒಂದು ಲೀಟರ್ ದ್ರವ ಹೊರಬಂದು ಆವಿಯಾದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಈ ಅನಿಲ ಹೊತ್ತಿಕೊಳ್ಳಬಲ್ಲದು. ಲೆಕ್ಕ ಹಾಕಿದರೆ ಒಂದೇ ಲೀಟರ್ ದ್ರವ 12 ಘನ ಮೀಟರಿನಷ್ಟು ಗಾಳಿಯನ್ನು ಉರಿಯುವ ಮಿಶ್ರಣವನ್ನಾಗಿ ಮಾಡಬಲ್ಲದು. ಟ್ಯಾಂಕರಿನಲ್ಲಿ ಇರುವುದು ಸಾವಿರಾರು ಲೀಟರ್.

ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲೇರಿ ಚದುರುವುದಿಲ್ಲ, ನೆಲ ಹಿಡಿದು ಇಳಿಜಾರಿನತ್ತ ಹರಿಯುತ್ತದೆ. ರಸ್ತೆಬದಿಯ ಚರಂಡಿ, ಮೋರಿ, ಅಂಡರ್‌ಪಾಸ್, ಹಳ್ಳಗಳಲ್ಲಿ ತುಂಬಿಕೊಂಡು ಗಾಳಿ ಬೀಸಿದರೂ ಬೇಗ ಕರಗುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿದಾಗ ರಸ್ತೆಯ ಪಕ್ಕದ ಮನೆಗಳೂ ಸುಟ್ಟುಹೋದದ್ದು ಅನಿಲದ ಈ ಗುಣದಿಂದಲೇ.

ಎಲ್ಲರೂ ತಪ್ಪು ತಿಳಿಯುವ ಸಂಗತಿ ಇಲ್ಲಿದೆ. ಎಲ್‌ಪಿಜಿಗೆ ಬಣ್ಣವಿಲ್ಲ. ಸೋರಿಕೆಯ ಸುತ್ತ ಕಾಣುವ ಬಿಳಿ ಮಂಜು ಅನಿಲವಲ್ಲ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿ ಗಾಳಿಯನ್ನು ತಣ್ಣಗಾಗಿಸುವುದರಿಂದ ಗಾಳಿಯಲ್ಲಿದ್ದ ನೀರಾವಿ ಹನಿಗಟ್ಟಿ ಹಾಗೆ ಕಾಣುತ್ತದೆ. ಅನಿಲ ಸ್ವಲ್ಪ ಬೆಚ್ಚಗಾದ ಕೂಡಲೇ ಮಂಜು ಕರಗುತ್ತದೆ, ಅನಿಲ ಮಾತ್ರ ಮುಂದೆ ಹರಿಯುತ್ತಲೇ ಇರುತ್ತದೆ. ಅಂದರೆ ಉರಿಯುವ ಮಿಶ್ರಣದ ಅಂಚು ಕಣ್ಣಿಗೆ ಕಾಣುವ ಮಂಜಿನ ಅಂಚಿಗಿಂತ ಆಚೆ ಇರಬಹುದು, ಒಣಹವೆಯಲ್ಲಂತೂ ಬಹಳ ಆಚೆ. ‘ಮಂಜು ಇನ್ನೂ ಇಲ್ಲಿಗೆ ಬಂದಿಲ್ಲ’ ಎಂದು ಕಾರಿನಲ್ಲೇ ಕುಳಿತವರು ಅನಿಲದೊಳಗೇ ಕುಳಿತಿರಬಹುದು. ವಾಸನೆಗೆಂದು ಬೆರೆಸಿದ ಮರ್ಕ್ಯಾಪ್ಟನ್ ಮೂಗಿಗೆ ಬಡಿದರೆ ಅನಿಲ ನಿಮ್ಮನ್ನು ತಲುಪಿದೆ ಎಂದೇ ಅರ್ಥ. ಆದರೆ ವಾಸನೆ ಇಲ್ಲದಿದ್ದರೆ ಅನಿಲವೂ ಇಲ್ಲ ಎಂದು ತಿಳಿಯಬಾರದು, ಏಕೆಂದರೆ ಅದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ.

ಒಂದು ಸನ್ನಿವೇಶ, ಹೆಜ್ಜೆ ಹೆಜ್ಜೆಯಾಗಿ

ನಾಲ್ಕು ಪಥದ ಹೆದ್ದಾರಿಯಲ್ಲಿ ನೀವು ಕಾರಿನಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಸುಮಾರು 400 ಮೀಟರ್ ಮುಂದೆ ಬುಲೆಟ್ ಟ್ಯಾಂಕರೊಂದು ಪಕ್ಕಕ್ಕೆ ಉರುಳಿದೆ. ಕೆಂಪು ವಜ್ರ ಕಾಣುತ್ತಿದೆ, ಹಿಂಭಾಗದಿಂದ ಬಿಳಿ ಮಂಜು ಏಳುತ್ತಿದೆ, ಶಿಳ್ಳೆಯಂತಹ ಸದ್ದು ಕೇಳುತ್ತಿದೆ. ಬೆಂಕಿ ಇಲ್ಲ. ನಿಮ್ಮ ಮುಂದೆ ಏಳೆಂಟು ವಾಹನಗಳು ಆಗಲೇ ನಿಂತಿವೆ.

ಮೊದಲು ಗಾಳಿಯ ದಿಕ್ಕು ನೋಡಿ. ರಸ್ತೆಬದಿಯ ಗಿಡದ ಎಲೆ, ವಿಭಜಕದ ಹುಲ್ಲು, ಯಾವುದಾದರೂ ಬಾವುಟ ಅಥವಾ ದೂರದ ಹೊಗೆ ಅದನ್ನು ಹೇಳುತ್ತದೆ. ಟ್ಯಾಂಕರಿನ ಮಂಜು ಯಾವ ಕಡೆಗೆ ವಾಲುತ್ತಿದೆ ಎಂಬುದಕ್ಕಿಂತ ಸ್ಪಷ್ಟವಾದ ಗುರುತು ಇನ್ನೊಂದಿಲ್ಲ. ಅದು ನಿಮ್ಮ ಕಡೆಗೇ ಬರುತ್ತಿದ್ದರೆ ಕಾಲಾವಕಾಶ ಬಹಳ ಕಡಿಮೆ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ಎಂದರೆ ಮುಖಕ್ಕೆ ತಂಪಾಗಿ ತಾಕುವಷ್ಟು ಮಾತ್ರ, ಆದರೆ ಆ ಗಾಳಿ 400 ಮೀಟರನ್ನು ಎರಡೂಕಾಲು ನಿಮಿಷದೊಳಗೆ ದಾಟುತ್ತದೆ. ಬಿರುಸಾಗಿ ನಡೆಯುವ ಮನುಷ್ಯನ ವೇಗ ಅದರ ಅರ್ಧದಷ್ಟು.

ಎರಡನೆಯ ಹೆಜ್ಜೆ, ವಾಹನವನ್ನು ತಿರುಗಿಸಿ ಹೋಗಬಹುದೇ ಎಂದು ನಿರ್ಧರಿಸುವುದು. ಹಿಂದೆ ವಾಹನಗಳಿಲ್ಲದೆ ರಸ್ತೆ ತೆರವಾಗಿದ್ದು, ಮಂಜೂ ವಾಸನೆಯೂ ದೂರವಿದ್ದರೆ ಕೂಡಲೇ ಹಿಂದಿರುಗಿ, ಎದುರಿಗೆ ಬರುವವರಿಗೆ ದೀಪ ಮಿನುಗಿಸಿ, ಕೈಬೀಸಿ ತಡೆಯುತ್ತಾ ಹೋಗಿ. ಹಿಂದೆ ಆಗಲೇ ಸರದಿ ಬೆಳೆದಿದ್ದರೆ ಆ ಪ್ರಯತ್ನವನ್ನೇ ಮಾಡಬೇಡಿ. ಅರ್ಧ ತಿರುಗಿ ಅಡ್ಡ ನಿಂತ ಒಂದು ಕಾರು ಹಿಂದಿನ ಎಲ್ಲರನ್ನೂ ಸಿಕ್ಕಿಹಾಕಿಸುತ್ತದೆ, ಅಗ್ನಿಶಾಮಕ ವಾಹನಕ್ಕೂ ದಾರಿಯಿಲ್ಲದಂತೆ ಮಾಡುತ್ತದೆ. ಇಂತಹ ಸಂದರ್ಭದಲ್ಲಿ ಹೆಚ್ಚಿನವರು ವಾಹನವನ್ನು ಬಿಟ್ಟುಹೋಗಲು ಮನಸ್ಸು ಮಾಡದೆ ಬೆಲೆಬಾಳುವ ನಿಮಿಷಗಳನ್ನು ಕಳೆದುಕೊಳ್ಳುತ್ತಾರೆ. ಸರದಿಯಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ತಿಳಿದ ಮರುಕ್ಷಣವೇ ಇಳಿಯುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು, ಎಂಜಿನ್ ಆರಿಸುವುದು. ಅದರೊಡನೆ ಎಸಿ, ದೀಪ, ಸ್ಟೀರಿಯೋ ಎಲ್ಲವೂ ಆರಲಿ. ಸಾಧ್ಯವಾದಷ್ಟು ರಸ್ತೆಯ ಎಡಬದಿಗೆ ಒತ್ತಿ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕದೆ ಕೀಲಿಯನ್ನು ಒಳಗೇ ಬಿಡಿ, ಆಮೇಲೆ ಸಿಬ್ಬಂದಿ ಅದನ್ನು ಸರಿಸಬೇಕಾಗಬಹುದು. ಆರಿಸಿದ ಎಂಜಿನ್ನನ್ನು ಮತ್ತೆ ಚಾಲೂ ಮಾಡಬಾರದು, ಏಕೆಂದರೆ ಸ್ಟಾರ್ಟರಿನ ಕಿಡಿಯೇ ಸಾಕು. ಅಕ್ಕಪಕ್ಕದವರಿಗೂ ಕೂಗಿ ಹೇಳಿ: ‘ಗ್ಯಾಸ್ ಸೋರ್ತಿದೆ, ಎಂಜಿನ್ ಆಫ್ ಮಾಡಿ, ಇಳಿದು ಬನ್ನಿ.’ ಹಾರನ್ ಬಾರಿಸಬೇಡಿ.

ನಾಲ್ಕನೆಯದು, ನಡೆಯುವ ದಿಕ್ಕು. ಗಾಳಿ ನಿಮ್ಮ ಕಡೆಗೇ ಬೀಸುತ್ತಿದ್ದರೆ ರಸ್ತೆಯುದ್ದಕ್ಕೂ ಹಿಂದಕ್ಕೆ ಓಡುವುದು ಎಂದರೆ ಮೋಡದ ಮುಂದೆಯೇ ಓಡುವುದು. ಅದಕ್ಕಿಂತ ಗಾಳಿಗೆ ಅಡ್ಡವಾಗಿ, ರಸ್ತೆಯಿಂದ ಪಕ್ಕಕ್ಕೆ, ಎತ್ತರದ ನೆಲದತ್ತ ಹೋಗಿ. ಮೋಡವು ಸಾಮಾನ್ಯವಾಗಿ ಗಾಳಿಯ ದಿಕ್ಕಿನಲ್ಲಿ ಉದ್ದವಾಗಿ ಹರಡುತ್ತದೆ. ಅಡ್ಡಕ್ಕೆ ನಡೆದರೆ ಬೇಗ ಹೊರಬೀಳಬಹುದು. ಸಾಕಷ್ಟು ಪಕ್ಕಕ್ಕೆ ಸರಿದ ಮೇಲೆ ಗಾಳಿ ಬರುವ ಕಡೆಗೆ ತಿರುಗಿಕೊಳ್ಳಿ. ಎತ್ತರ ಎಂದರೆ ಮೇಲ್ಸೇತುವೆಯ ಮೇಲೆ ನಿಂತು ನೋಡುವುದಲ್ಲ. ಚರಂಡಿ ದಾಟಬೇಕಾದರೆ ನಿಲ್ಲದೆ ದಾಟಿ, ಅದರಲ್ಲಿ ಅಡಗಿ ಕೂರುವುದು ಅತ್ಯಂತ ಕೆಟ್ಟ ಆಯ್ಕೆ.

ಎಷ್ಟು ದೂರ? ಅಮೆರಿಕ ಮತ್ತು ಕೆನಡಾಗಳ ತುರ್ತು ಸಿಬ್ಬಂದಿ ಅನುಸರಿಸುವ ಮಾರ್ಗಸೂಚಿಯಲ್ಲಿ ಎಲ್‌ಪಿಜಿ ಸೋರಿಕೆಗೆ ಎಲ್ಲ ದಿಕ್ಕಿನಲ್ಲೂ ಕನಿಷ್ಠ 100 ಮೀಟರ್, ದೊಡ್ಡ ಸೋರಿಕೆಯಾದರೆ ಗಾಳಿ ಬೀಸುವ ದಿಕ್ಕಿನಲ್ಲಿ ಕನಿಷ್ಠ 800 ಮೀಟರ್, ಟ್ಯಾಂಕರೇ ಬೆಂಕಿಯಲ್ಲಿದ್ದರೆ ಸುತ್ತಲೂ 1600 ಮೀಟರ್ ಎಂದಿದೆ. ಕಣ್ಣಳತೆಯಲ್ಲಿ ಇದನ್ನು ತಿಳಿಯುವ ಸುಲಭ ಉಪಾಯವೊಂದಿದೆ. ಕೈಯನ್ನು ಮುಂದಕ್ಕೆ ನೀಟಾಗಿ ಚಾಚಿ ಹೆಬ್ಬೆರಳೆತ್ತಿದಾಗ ಇಡೀ ಅಪಘಾತದ ಸ್ಥಳ ಅದರ ಹಿಂದೆ ಮರೆಯಾಗದಿದ್ದರೆ ನೀವಿನ್ನೂ ಹತ್ತಿರವೇ ಇದ್ದೀರಿ.

ಮೋಡದೊಳಗೇ ಸಿಕ್ಕಿಕೊಂಡರೆ

ಮೊದಲೇ ಗಮನಿಸದೆ ಅನಿಲದೊಳಗೆ ವಾಹನ ನುಗ್ಗಿಬಿಟ್ಟರೆ ಅದನ್ನು ಎಂಜಿನ್ನೇ ತಿಳಿಸಬಹುದು. ಡೀಸೆಲ್ ಎಂಜಿನ್ ಗಾಳಿಯೊಂದಿಗೆ ಅನಿಲವನ್ನೂ ಎಳೆದುಕೊಳ್ಳುವುದರಿಂದ ಆಕ್ಸಿಲರೇಟರ್ ಒತ್ತದೆಯೇ ಅದರ ವೇಗ ಏರತೊಡಗುತ್ತದೆ, ಕೀಲಿ ತಿರುಗಿಸಿದರೂ ನಿಲ್ಲದಿರಬಹುದು. ಪೆಟ್ರೋಲ್ ಎಂಜಿನ್ ತಡವರಿಸಿ ಆರಿಹೋಗಬಹುದು. ಎರಡೂ ಸ್ಥಿತಿಯಲ್ಲಿ ಮಾಡಬೇಕಾದದ್ದು ಒಂದೇ: ಆರಿಸಲು ಒಮ್ಮೆ ಪ್ರಯತ್ನಿಸಿ, ಆರಲಿ ಬಿಡಲಿ, ಇಳಿದು ಗಾಳಿಗೆ ಅಡ್ಡವಾಗಿ ನಡೆದುಹೋಗಿ. ಮೋಡದೊಳಗೆ ಫೋನ್ ಹೊರತೆಗೆಯಬೇಡಿ, ಟಾರ್ಚ್ ಹಚ್ಚಬೇಡಿ, ಸಾಮಾನಿಗಾಗಿ ಡಿಕ್ಕಿ ತೆರೆಯಬೇಡಿ. ನೆಲದಲ್ಲಿ ಹರಿಯುತ್ತಿರುವ ದ್ರವವನ್ನು ತುಳಿಯಬೇಡಿ, ಅದರ ಶೀತಕ್ಕೆ ಚರ್ಮ ಸುಟ್ಟಂತೆ ಗಾಯವಾಗುತ್ತದೆ.

ಬೆಂಕಿ ಹೊತ್ತಿದ ಮೇಲೆ ಲೆಕ್ಕವೇ ಬೇರೆ. ಉರಿಯುತ್ತಿರುವ ಸೋರಿಕೆ ಟ್ಯಾಂಕಿನ ಕವಚವನ್ನು ಕಾಯಿಸತೊಡಗಿದರೆ ಒಳಗಿನ ದ್ರವ ಕುದಿದು ಒತ್ತಡ ಏರುತ್ತದೆ, ಒತ್ತಡವನ್ನು ಹೊರಬಿಡುವ ಕವಾಟದ ಸದ್ದೂ ಏರುತ್ತದೆ. ದ್ರವವಿಲ್ಲದ ಮೇಲ್ಭಾಗದ ಉಕ್ಕಿಗೆ ಜ್ವಾಲೆ ತಾಗಿದರೆ ಅಲ್ಲಿ ಉಕ್ಕು ಮೆತ್ತಗಾಗಿ ಟ್ಯಾಂಕ್ ಒಮ್ಮೆಲೇ ಸೀಳಬಹುದು. ಹತ್ತಿಪ್ಪತ್ತು ನಿಮಿಷಗಳಲ್ಲಿ, ಕೆಲವೊಮ್ಮೆ ಇನ್ನೂ ಬೇಗ. ಸದ್ದಿನ ಸ್ವರ ತೀಕ್ಷ್ಣವಾಗುತ್ತಾ ಹೋಗುವುದು ಮತ್ತು ಕವಚದ ಬಣ್ಣ ಬದಲಾಗುವುದು ಅದರ ಮುನ್ಸೂಚನೆಗಳು. ಸೀಳಿದ ಟ್ಯಾಂಕಿನ ತುಂಡುಗಳು ಅದರ ಎರಡು ತುದಿಗಳ ದಿಕ್ಕಿನಲ್ಲಿ ಹೆಚ್ಚು ದೂರ ಹಾರುವುದರಿಂದ ಆ ನೇರದಿಂದ ಪಕ್ಕಕ್ಕೆ ಸರಿಯಿರಿ, ಆದರೆ ಪಕ್ಕವೂ ಸುರಕ್ಷಿತವೆಂದು ಭಾವಿಸಿ ನಿಲ್ಲಬೇಡಿ. ಕಾರಿನ ಚಿಕ್ಕ ಬೆಂಕಿನಂದಿಸುವ ಸಾಧನ ಹಿಡಿದು ಮುಂದೆ ಹೋಗುವುದರಿಂದ ಏನೂ ಆಗದು. ಸೋರುತ್ತಿರುವ ಅನಿಲದ ಜ್ವಾಲೆಯನ್ನು ಆರಿಸಿದರೂ ಸೋರಿಕೆ ನಿಲ್ಲದಿದ್ದರೆ ಅನಿಲ ಮತ್ತೆ ಸೇರಿಕೊಂಡು ಇನ್ನೂ ದೊಡ್ಡದಾಗಿ ಹೊತ್ತಿಕೊಳ್ಳುತ್ತದೆ.

ಫಲಕ ಬೇರೆಯಾದರೆ

ತಲೆಬುರುಡೆಯ ಬಿಳಿ ಫಲಕವಿರುವ ವಿಷಾನಿಲದ ಸೋರಿಕೆಯಲ್ಲಿ ವಾಹನ ಬಿಟ್ಟು ಇಳಿಯುವ ಹೆಜ್ಜೆ ತಲೆಕೆಳಗಾಗುತ್ತದೆ. ಅಲ್ಲಿ ಮುಖ್ಯ ಅಪಾಯ ಉಸಿರಾಟದ್ದು. ದಾರಿ ತೆರವಾಗಿದ್ದರೆ ಕಿಟಕಿಗಳನ್ನು ಏರಿಸಿ, ಹೊರಗಾಳಿ ಒಳಬರದಂತೆ ದ್ವಾರ ಮುಚ್ಚಿ, ವಾಹನದಲ್ಲೇ ದೂರ ಹೋಗುವುದು ನಡೆದು ಹೋಗುವುದಕ್ಕಿಂತ ಮೇಲು. ಕ್ಲೋರಿನ್ ಗಾಳಿಗಿಂತ ಭಾರವಾದ್ದರಿಂದ ಎತ್ತರಕ್ಕೆ ಹೋಗಿ. ಅಮೋನಿಯಾ ಸ್ವಭಾವತಃ ಗಾಳಿಗಿಂತ ಹಗುರ, ಆದರೆ ಟ್ಯಾಂಕಿನಿಂದ ಚಿಮ್ಮಿದಾಗ ತಣ್ಣನೆಯ ಮಂಜಾಗಿ ನೆಲ ಹಿಡಿದೇ ಹರಿಯಬಹುದು, ಆದ್ದರಿಂದ ಅದು ಮೇಲೇರಿ ಹೋಗುತ್ತದೆ ಎಂದು ನಂಬಿ ಕೂರಬಾರದು.

ಬಿಳಿ-ಕಪ್ಪು ಫಲಕದ ಆಮ್ಲ ಚೆಲ್ಲಿದ್ದರೆ ಒದ್ದೆಯಾದ ರಸ್ತೆಯ ಮೇಲೆ ವಾಹನ ಓಡಿಸಬೇಡಿ. ದ್ವಿಚಕ್ರ ಸವಾರರಿಗೆ ಇದು ಹೆಚ್ಚು ಅಪಾಯ, ಮುಂದಿನ ಚಕ್ರ ಎರಚುವ ಹನಿ ಕಾಲಿಗೇ ಬೀಳುತ್ತದೆ. ಮೈಮೇಲೆ ಬಿದ್ದರೆ ಬಟ್ಟೆ ತೆಗೆದು ಧಾರಾಳ ನೀರಿನಿಂದ ಹದಿನೈದಿಪ್ಪತ್ತು ನಿಮಿಷ ತೊಳೆಯಬೇಕು.

ಪೆಟ್ರೋಲ್ ಚೆಲ್ಲಿದಾಗ ನಡೆಯುವ ಅನಾಹುತ ಬೇರೆ ಬಗೆಯದು. 2017ರ ಜೂನ್ 25ರಂದು ಪಾಕಿಸ್ತಾನದ ಅಹಮದ್‌ಪುರ್ ಈಸ್ಟ್‌ನಲ್ಲಿ ಉರುಳಿದ ಟ್ಯಾಂಕರಿನಿಂದ ಹರಿದ ಪೆಟ್ರೋಲನ್ನು ಕ್ಯಾನು, ಬಕೆಟ್ಟುಗಳಲ್ಲಿ ತುಂಬಿಕೊಳ್ಳಲು ಜನ ಮುಗಿಬಿದ್ದಿದ್ದರು. ಬೆಂಕಿ ಹೊತ್ತಿ 200ಕ್ಕೂ ಹೆಚ್ಚು ಮಂದಿ ಸತ್ತರು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಬಗ್ಗಿ ತುಂಬಿಸಿಕೊಳ್ಳುವವರ ಸೊಂಟದ ಕೆಳಗೆಲ್ಲ ಅದೇ ತುಂಬಿರುತ್ತದೆ. ಪ್ಲಾಸ್ಟಿಕ್ ಕ್ಯಾನಿನಲ್ಲಿ ದ್ರವ ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯೂ ಅದಕ್ಕೆ ಸಾಕಾಗುತ್ತದೆ.

ಕರೆ ಮಾಡಿ ಹೇಳಬೇಕಾದದ್ದು

ಸುರಕ್ಷಿತ ದೂರ ಮುಟ್ಟಿದ ಮೇಲೆ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ತಿಳಿಸಬಹುದು. ‘ಟ್ಯಾಂಕರ್ ಪಲ್ಟಿಯಾಗಿದೆ’ ಎಂದಷ್ಟೇ ಹೇಳಿದರೆ ಬರುವ ತಂಡ ಸಿದ್ಧವಾಗಿ ಬರಲಾರದು. ಹೆದ್ದಾರಿಯ ಸಂಖ್ಯೆ, ಹತ್ತಿರದ ಕಿಲೋಮೀಟರ್ ಕಲ್ಲು, ಯಾವ ಊರಿನ ಕಡೆಗೆ ಹೋಗುವ ಪಥ, ಫಲಕದ ಬಣ್ಣ ಮತ್ತು ನಾಲ್ಕಂಕಿಯ ಸಂಖ್ಯೆ, ಸೋರುತ್ತಿದೆಯೇ, ಉರಿಯುತ್ತಿದೆಯೇ, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಆ ಕಡೆ ಮನೆ, ಶಾಲೆ, ಹೋಟೆಲುಗಳಿವೆಯೇ, ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದಾರೆಯೇ ಎಂಬುದನ್ನು ಇದೇ ಕ್ರಮದಲ್ಲಿ ಹೇಳಿ. ಸಂಖ್ಯೆ ಕಾಣದಿದ್ದರೆ ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿ ದೂರದಿಂದಲೇ ಓದಲು ಯತ್ನಿಸಬಹುದು, ಅದಕ್ಕಾಗಿ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ. ಗಾಳಿ ಬರುವ ಕಡೆಯಿಂದ ಬಂದರೆ ಯಾವ ದಾರಿ ಸಿಗುತ್ತದೆ ಎಂದು ತಿಳಿಸಿದರೆ ಅಗ್ನಿಶಾಮಕ ವಾಹನ ತಪ್ಪು ಕಡೆಯಿಂದ ಬಂದು ನಿಲ್ಲುವುದು ತಪ್ಪುತ್ತದೆ. ಟ್ಯಾಂಕರಿನ ಚಾಲಕ ಅಥವಾ ಕ್ಲೀನರ್ ಹೊರಬಂದು ನಿಮ್ಮ ಬಳಿ ಇದ್ದರೆ ಟ್ರೆಮ್ ಕಾರ್ಡ್ ಅವರ ಕೈಯಲ್ಲಿದೆಯೇ ಎಂದು ಕೇಳಿ, ಇದ್ದರೆ ಅದರಲ್ಲಿರುವುದನ್ನು ಫೋನಿನಲ್ಲಿ ಓದಿಹೇಳಿ. ಅದನ್ನು ತರಲು ಅವರನ್ನು ಕ್ಯಾಬಿನ್ನಿಗೆ ಹಿಂದಕ್ಕೆ ಕಳುಹಿಸಬೇಡಿ.

ಸೋರಿಕೆ ನಿಂತು, ಉಳಿದ ಅನಿಲವನ್ನು ಬೇರೆ ಟ್ಯಾಂಕರಿಗೆ ವರ್ಗಾಯಿಸಿ, ಉರುಳಿದ್ದನ್ನು ಕ್ರೇನಿನಿಂದ ಎತ್ತುವವರೆಗೆ ಹಲವು ಗಂಟೆಗಳು, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಎತ್ತುವಾಗ ಮತ್ತೆ ಸೋರುವ ಸಾಧ್ಯತೆ ಇರುವುದರಿಂದ ಮಂಜು ಕಾಣದಿದ್ದರೂ ರಸ್ತೆ ತೆರೆಯುವುದಿಲ್ಲ. ಬಿಟ್ಟುಬಂದ ವಾಹನದ ಬಳಿಗೆ ಪೊಲೀಸರು ಬಿಟ್ಟ ಮೇಲೆಯೇ ಹೋಗಿ. ಹೋದ ಕೂಡಲೇ ಕೀಲಿ ತಿರುಗಿಸದೆ ಎಲ್ಲ ಬಾಗಿಲುಗಳನ್ನೂ ಡಿಕ್ಕಿಯನ್ನೂ ತೆರೆದಿಟ್ಟು, ಒಳಗೆ ವಾಸನೆ ಇಲ್ಲವೆಂದು ಖಚಿತವಾಗುವವರೆಗೆ ಗಾಳಿಯಾಡಲು ಬಿಡಿ, ಏಕೆಂದರೆ ಭಾರವಾದ ಅನಿಲ ಮುಚ್ಚಿದ ಕಾರಿನ ತಳದಲ್ಲಿ ಬಹಳ ಹೊತ್ತು ಉಳಿದುಕೊಳ್ಳಬಲ್ಲದು. ವಾಸನೆ ಉಳಿದಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಕರೆದು ಅನಿಲ ಪತ್ತೆ ಉಪಕರಣದಿಂದ ನೋಡಲು ಹೇಳಿ, ಆಮೇಲಷ್ಟೇ ಸ್ಟಾರ್ಟ್ ಮಾಡಿ.